ಧಾರಾವಿಯ ಚರ್ಮದ ಪರ್ಸು: ಸಗಟು ದರ, ಚಿಲ್ಲರೆ ದರ ಮತ್ತು ಆರು ಡಜನ್ನಿನ ಲೆಕ್ಕ

ಸಾಯನ್ನಿನಿಂದ ಬಾಂದ್ರಾದತ್ತ ಸಾಗುವ ಲಿಂಕ್ ರಸ್ತೆಯ ಅಂಚಿನಲ್ಲಿ ಗಾಜಿನ ಕಪಾಟುಗಳಲ್ಲಿ ಬ್ಯಾಗು, ಬೆಲ್ಟು, ಪರ್ಸುಗಳನ್ನು ಸಾಲಾಗಿ ತೂಗುಹಾಕಿ ಗಿರಾಕಿಯನ್ನು ಕರೆಯುವ ಅಂಗಡಿಗಳ ಹಿಂಭಾಗಕ್ಕೆ, ಇಬ್ಬರು ಎದುರುಬದುರಾದರೆ ಒಬ್ಬನು ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಗಲ್ಲಿಗಳನ್ನು ಹಿಡಿದು ಹೋದರೆ, ಆ ಸರಕು ನಿರ್ಮಾಣವಾಗುವ ಸಣ್ಣ ಸಣ್ಣ ಗಾಲೆಗಳು ಕಾಣಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚರ್ಮ ಹದಮಾಡುವ ಉದ್ಯಮವು ಮುಂಬಯಿಯ ಒಳನಗರದಿಂದ ಅಂದಿನ ಹೊರವಲಯವಾಗಿದ್ದ ಧಾರಾವಿಗೆ ಬಂದು ನೆಲೆಸಿತು. ಮುಂದೆ ಹದಮಾಡುವ ಕೆಲಸ ಇಲ್ಲಿಂದ ಬಹುಮಟ್ಟಿಗೆ ಹೊರಟುಹೋದರೂ ಚರ್ಮವನ್ನು ಕತ್ತರಿಸಿ ಹೊಲಿಯುವ ಕುಶಲತೆ ಮಾತ್ರ ಉಳಿಯಿತು. ಇಂದು ಚೆನ್ನೈ, ಕಾನ್ಪುರ ಮೊದಲಾದ ಕಡೆಗಳಿಂದ ಬರುವ ಹದವಾದ ಚರ್ಮವೇ ಈ ಗಾಲೆಗಳ ಕಚ್ಚಾಸಾಮಗ್ರಿ.

ಇಂಥ ಒಂದು ಗಾಲೆಗೆ ಹೋಗಿ, "ಸಂಘದ ವಾರ್ಷಿಕೋತ್ಸವಕ್ಕೆ ನಮ್ಮ ಲಾಂಛನ ಒತ್ತಿದ ಪರ್ಸು ನಲವತ್ತು ಬೇಕು, ಹೋಲ್‌ಸೇಲ್ ದರದಲ್ಲಿ ಕೊಡಿ" ಎಂದು ಕೇಳುವ ಕನ್ನಡ ಬಂಧುಗಳಿಗೆ, "ಆರು ಡಜನ್‌ಗಿಂತ ಕಡಿಮೆ ಮಾಡುವುದಿಲ್ಲ" ಎಂಬ ಉತ್ತರ ದೊರೆತಾಗ, ಅದು ಉತ್ಪಾದಕನ ಗರ್ವವೆಂದೋ ಚೌಕಾಸಿಯ ಪೀಠಿಕೆಯೆಂದೋ ತೋರುವುದು ಸಹಜ. ಆದರೆ ಆ ಆರು ಡಜನ್ ಎಂಬ ಸಂಖ್ಯೆ ಅಂಕಗಣಿತದಿಂದ ಹುಟ್ಟಿದುದು. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಇಲ್ಲಿ ಕೊಡುವ ಮೊಬಲಗುಗಳು ದೃಷ್ಟಾಂತಕ್ಕಾಗಿ ಇಟ್ಟುಕೊಂಡವು. ಮಾಲಿನ ದರ್ಜೆಯನ್ನೂ ಋತುವನ್ನೂ ಅನುಸರಿಸಿ ಅವು ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗದು.

ಚರ್ಮವನ್ನು ಚದರ ಅಡಿಯ ದರದಲ್ಲಿ ಮಾರುತ್ತಾರೆ. ಮೇಕೆಯ ಒಂದು ತೊಗಲು ಸಾಧಾರಣವಾಗಿ ನಾಲ್ಕರಿಂದ ಆರು ಚದರ ಅಡಿ ಇರುತ್ತದೆ. ಬೆನ್ನಿನ ಭಾಗ ಬಿಗಿಯಾಗಿಯೂ ಹೊಟ್ಟೆಯ ಭಾಗ ಸಡಿಲವಾಗಿಯೂ ಇರುವುದರಿಂದ, ಮತ್ತು ಗಾಯದ ಕಲೆ, ಸುಲಿಯುವಾಗ ತಗುಲಿದ ಚೂರಿಯ ಗೀರು ಮುಂತಾದವನ್ನು ತಪ್ಪಿಸಿ ಕತ್ತರಿಸಬೇಕಾಗುವುದರಿಂದ, ತೊಗಲಿನ ಪೂರ್ಣ ವಿಸ್ತೀರ್ಣ ಎಂದೂ ಕೈಗೆ ಸಿಗುವುದಿಲ್ಲ. ಈ ನಷ್ಟವನ್ನೂ ಸೇರಿಸಿ ಒಂದು ಪರ್ಸಿಗೆ ಒಂದೂವರೆ ಅಡಿ ಬೇಕೆಂದೂ ಅಡಿಗೆ 80 ರೂಪಾಯಿಯೆಂದೂ ಹಿಡಿದರೆ ಚರ್ಮಕ್ಕೆ 120 ಆಯಿತು. ಅಸ್ತರು, ನೂಲು, ಅಂಟು, ಡಬ್ಬಿ ಇವುಗಳಿಗೆ 40, ನಗಕ್ಕೆ ಇಷ್ಟೆಂದು ಕೂಲಿ ಪಡೆಯುವ ಕಾರೀಗರರಿಗೆ 60, ಗಾಲೆಯ ಬಾಡಿಗೆ ಮತ್ತು ವಿದ್ಯುತ್ತಿನ ಪಾಲು 30. ಒಟ್ಟು 250 ರೂಪಾಯಿ. ಒಂದು ಮಾಡಿದರೂ ಸಾವಿರ ಮಾಡಿದರೂ ನಗವೊಂದಕ್ಕೆ ಹೆಚ್ಚುಕಡಿಮೆ ಇಷ್ಟೇ ವೆಚ್ಚ.

ಇದಲ್ಲದೆ, ಆರ್ಡರಿನ ಗಾತ್ರವೆಷ್ಟೇ ಇರಲಿ, ಒಮ್ಮೆ ಮಾತ್ರ ತಗಲುವ ಖರ್ಚೊಂದುಂಟು. ಹೊಸ ಮಾದರಿಗೆ ಕತ್ತರಿಸುವ ಡೈ 1500, ಲಾಂಛನದ ಅಚ್ಚು 1000, ನಿಪುಣ ಕಾರೀಗರನೊಬ್ಬನನ್ನು ಕೂರಿಸಿ ಸ್ಯಾಂಪಲ್ ತೆಗೆಸುವುದಕ್ಕೆ 1000, ಸಾಗಾಟಕ್ಕೆ 500: ಹೀಗೆ 4000 ರೂಪಾಯಿ. ಹತ್ತೇ ಪರ್ಸಾದರೆ ಈ ಭಾರ ಒಂದೊಂದರ ಮೇಲೂ 400 ರೂಪಾಯಿಯಾಗಿ ಕೂರುತ್ತದೆ; ಐನೂರಾದರೆ ಕೇವಲ 8. ಸಗಟು ದರ ಅಗ್ಗವಾಗುವುದರ ಕಾರಣವೆಲ್ಲ ಇಲ್ಲಿಯೇ ಇದೆ.

ಈಗ ಸಗಟು ದರ 340 ಎಂದಿಟ್ಟರೆ ನಗವೊಂದಕ್ಕೆ 90 ಉಳಿಯುತ್ತದೆ. ಆ 4000 ಮರಳಿ ಬರುವುದಕ್ಕೇ 45 ಪರ್ಸು ಬೇಕು. ಅಲ್ಲಿಯವರೆಗೆ ಗಾಲೆಯವನು ಬಿಟ್ಟಿ ದುಡಿದಂತೆ. ಆರ್ಡರೊಂದಕ್ಕೆ ಸುಮಾರು ಎರಡೂವರೆ ಸಾವಿರವಾದರೂ ಉಳಿಯಬೇಕೆಂದರೆ 6500ನ್ನು 90ರಿಂದ ಭಾಗಿಸಿ 72ಕ್ಕೆ, ಎಂದರೆ ಆರು ಡಜನ್ನಿಗೆ ಬರುತ್ತೇವೆ. ಅಷ್ಟಕ್ಕೆ ಬೇಕಾಗುವ ಇಪ್ಪತ್ತೆರಡು ತೊಗಲುಗಳನ್ನು ಒಂದೇ ಲಾಟಿನಿಂದ ಆರಿಸಬಹುದಾದುದರಿಂದ ಬಣ್ಣದ ಛಾಯೆಯೂ ಒಂದೇ ಆಗಿರುತ್ತದೆ. ಚೂರುಪಾರು ಆರ್ಡರುಗಳಲ್ಲಿ ಬೇರೆ ಬೇರೆ ಲಾಟುಗಳ ತೊಗಲು ಕೂಡಿಕೊಂಡು, ಬಿಸಿಲಿನಲ್ಲಿ ಒಟ್ಟಿಗಿಟ್ಟು ನೋಡಿದರೆ ಎರಡು ಕಂದು ಬಣ್ಣಗಳಾಗಿ ಕಾಣುವುದುಂಟು.

ಚಿಲ್ಲರೆ ದರದ ವಿಚಾರ ಬೇರೆ. 340ಕ್ಕೆ ಕೊಂಡ ಅಂಗಡಿಯವನು ಅದನ್ನು 700ಕ್ಕೆ ಮಾರಿದರೆ ಅದು ದುರಾಸೆಯೆಂದು ಹೇಳುವವರು ದಾದರಿನಂಥ ಸ್ಥಳದ ಅಂಗಡಿಬಾಡಿಗೆಯನ್ನೂ, ನೌಕರನ ಸಂಬಳವನ್ನೂ, ತಿಂಗಳುಗಟ್ಟಲೆ ಮಾರದೆ ಕುಳಿತು ಕೊನೆಗೆ ರಿಯಾಯಿತಿಗೆ ಹೋಗುವ ಸರಕನ್ನೂ ಲೆಕ್ಕಕ್ಕೆ ಹಿಡಿಯಲಾರರು. ಸಣ್ಣ ಉತ್ಪಾದಕರು ಎಡವುವುದು ಹೆಚ್ಚಾಗಿ ಈ ಘಟ್ಟದಲ್ಲಿಯೇ. ತಮ್ಮ ಬಾಗಿಲಿಗೆ ಬಂದ ಬಿಡಿ ಗಿರಾಕಿಗೆ 400ಕ್ಕೆ ಪರ್ಸು ಕೊಟ್ಟು ಸಂತೋಷಪಡುತ್ತಾರೆ. ಅದೇ ಪರ್ಸನ್ನು 700ಕ್ಕೆ ಮಾರಬೇಕಾದ ಅಂಗಡಿಯವನು ಆ ಸುದ್ದಿ ಕೇಳಿದ ಮೇಲೆ ಎರಡನೆಯ ಆರ್ಡರು ಕೊಡುವುದಿಲ್ಲ. ಆದುದರಿಂದ ಮೊದಲು ಚಿಲ್ಲರೆ ದರವನ್ನು ನಿಶ್ಚಯಿಸಿ, ತನ್ನ ಬಾಗಿಲಿನಲ್ಲಿಯೂ ಅದಕ್ಕೆ ಸಮೀಪದ ದರವನ್ನೇ ಹಿಡಿದು, ಸಗಟು ದರವನ್ನು ಅದರಿಂದ ಕೆಳಗಿಳಿಸಿ ತರುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ದರದ ಮೆಟ್ಟಿಲುಗಳಲ್ಲಿಯೂ ಒಂದು ಸೂಕ್ಷ್ಮವಿದೆ. ಐನೂರು ಮುಟ್ಟಿದರೆ ಎಲ್ಲಕ್ಕೂ 300 ಎಂದು ಸಾರಿದವನ ಬಳಿ 450 ಬೇಕಾದವನು ಬಂದನೆನ್ನಿ. 340ರಂತೆ ಅವನು ಕೊಡಬೇಕಾದದ್ದು 1,53,000. ಐನೂರನ್ನೇ ಕೊಂಡರೆ 1,50,000. ಬುದ್ಧಿಯಿದ್ದ ಗಿರಾಕಿ ಐನೂರನ್ನೇ ಬರೆಸುತ್ತಾನೆ. ಗಾಲೆಯವನು ಐವತ್ತು ಪರ್ಸು ಹೆಚ್ಚಿಗೆ ಹೊಲಿದು, 36,500 ಉಳಿಯಬೇಕಾದಲ್ಲಿ 21,000ಕ್ಕೆ ತೃಪ್ತನಾಗಬೇಕಾಗುತ್ತದೆ. ರಿಯಾಯಿತಿ ಐನೂರರ ಮೇಲಿನ ನಗಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ದರಪಟ್ಟಿಯಲ್ಲಿ ಒಂದು ಸಾಲು ಬರೆದರೆ ಈ ಹಾನಿ ತಪ್ಪುತ್ತದೆ.

ದೊಡ್ಡ ಆರ್ಡರಿನ ಇನ್ನೊಂದು ಸಂಕಟ ಉದ್ದರಿ. ಐನೂರು ಪರ್ಸಿಗೆ ಚರ್ಮ, ಅಸ್ತರು, ಕೂಲಿಗಳಿಗಾಗಿಯೇ 1,10,000 ರೂಪಾಯಿ ಮೊದಲು ಕೈಯಿಂದ ಹಾಕಬೇಕು. ಆದಕಾರಣ ಅರ್ಧ ಹಣ ಮುಂಗಡವಾಗಿ ಕೇಳುವುದು ರೂಢಿ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದು ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ಬರೆಯುವ ಗಾಲೆಯವನಿಗೆ ಈ ಹಕ್ಕನ್ನು ಕೇಳುವುದು ಸುಲಭ.

ಚೌಕಾಸಿಗೆ ಮಣಿದು ಕನಿಷ್ಠ ಸಂಖ್ಯೆಯನ್ನೂ ದರವನ್ನೂ ಎರಡನ್ನೂ ಬಿಟ್ಟುಕೊಟ್ಟ ಉತ್ಪಾದಕನು ಆ ನಷ್ಟವನ್ನು ಸರಕಿನೊಳಗಿಂದಲೇ ತೆಗೆಯುತ್ತಾನೆ. ಪರ್ಸನ್ನು ಬಿಚ್ಚಿ ನೋಡಿದರೆ ಅದು ತಿಳಿಯುತ್ತದೆ: ಒಳಜೇಬಿಗೆ ಹೊಟ್ಟೆಯ ಸಡಿಲ ಚರ್ಮವನ್ನೋ ರೆಕ್ಸಿನ್ನನ್ನೋ ಹಾಕಿರುತ್ತಾನೆ, ಮಡಿಕೆಯ ಅಂಚನ್ನು ತೆಳುಗೊಳಿಸದೆ ಹಾಗೆಯೇ ಮಡಿಸಿರುವುದರಿಂದ ಅದು ದಪ್ಪನಾಗಿ ಉಬ್ಬಿರುತ್ತದೆ, ಹೊಲಿಗೆಗಳ ನಡುವಣ ಅಂತರ ಅಗಲವಾಗಿರುತ್ತದೆ.

ಹಾಗಾದರೆ ನಲವತ್ತೇ ಬೇಕಾದ ಸಂಘದವರು ಬರಿಗೈಯಲ್ಲಿ ಹಿಂತಿರುಗಬೇಕೆ? ಇಲ್ಲ. ಗಾಲೆಯಲ್ಲಿ ಮೊದಲೇ ಇರುವ ಮಾದರಿಯನ್ನು ಒಪ್ಪಿಕೊಂಡರೆ ಡೈಯ ಖರ್ಚೂ ಸ್ಯಾಂಪಲ್ಲಿನ ಖರ್ಚೂ ಇಲ್ಲವಾಗಿ, ಅಚ್ಚು ಮತ್ತು ಸಾಗಾಟದ 1500 ಮಾತ್ರ ಉಳಿಯುತ್ತದೆ. ಆಗ ಅದೇ 340ರ ದರದಲ್ಲಿ ನಲವತ್ತು ಪರ್ಸಿಗೂ 2100 ರೂಪಾಯಿ ಉತ್ಪಾದಕನಿಗೆ ದಕ್ಕುತ್ತದೆ. ಆದುದರಿಂದ ಧಾರಾವಿಗೆ ಆರ್ಡರು ಕೊಡಲು ಹೋಗುವ ಓದುಗರು ದರವನ್ನು ಇಳಿಸೆಂದು ಕೇಳುವುದಕ್ಕೆ ಮೊದಲು, ಯಾವ ಡೈಗಳು ಸಿದ್ಧವಾಗಿವೆಯೆಂದು ಕೇಳಲಿ. ಒಪ್ಪಿಗೆಯಾದ ಮಾದರಿಗೆ ಅರ್ಧ ಹಣವನ್ನು ಅಲ್ಲಿಯೇ ಎಣಿಸಿ ಕೊಟ್ಟು ಬರಲಿ.