ಊಟದ ಹೊತ್ತಿನ ಮೊಬೈಲ್: ಬಿಡಿಸುವುದು ಹೇಗೆ?

ಎರಡು ವರ್ಷದೊಳಗಿನ ಮಕ್ಕಳಿಗೆ ವಿಡಿಯೋ ಕರೆ ಬಿಟ್ಟು ಬೇರೆ ಪರದೆ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಸಾಕು ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಆದರೆ ಮೊಬೈಲ್ ಹಾಕಿ ಊಟ ಮಾಡಿಸುವ ಮನೆಯಲ್ಲಿ ಮೂರು ಹೊತ್ತಿಗೆ ಅರ್ಧರ್ಧ ಗಂಟೆ ಹಿಡಿದರೂ ಒಂದೂವರೆ ಗಂಟೆಯಾಗುತ್ತದೆ. ಹಾಗಾಗಿ ಊಟದಿಂದಲೇ ಶುರು ಮಾಡುವುದು ಒಳ್ಳೆಯದು.

ವಿಡಿಯೋ ನೋಡುತ್ತಾ ಕೂತ ಮಗು ಚಮಚ ಬಂದಾಗ ಬಾಯಿ ತೆರೆಯುತ್ತದೆ, ಅಷ್ಟೆ. ಏನು ತಿನ್ನುತ್ತಿದ್ದೇನೆ, ಹೊಟ್ಟೆ ತುಂಬಿತೇ ಎಂಬುದರ ಕಡೆ ಅದರ ಗಮನವೇ ಇರುವುದಿಲ್ಲ. ಎಷ್ಟೋ ಸಲ ತುತ್ತನ್ನು ಅಗಿಯದೆ ಕೆನ್ನೆಯಲ್ಲೇ ಇಟ್ಟುಕೊಂಡಿರುತ್ತದೆ.

ಅಪ್ಪ ಅಮ್ಮ ಇಬ್ಬರೂ ಸಂಜೆ ಆರೂವರೆಗೆ ಮನೆ ಸೇರುತ್ತಾರೆ, ಎರಡು ವರ್ಷದ ಮಗುವಿಗೆ ಎಂಟಕ್ಕೆ ಊಟ ಎಂದುಕೊಳ್ಳೋಣ. ಬೆಳಗಿನ ಗಡಿಬಿಡಿಯನ್ನು ಸದ್ಯಕ್ಕೆ ಮುಟ್ಟಬೇಡಿ. ರಾತ್ರಿಯೂಟ ಒಂದನ್ನೇ ಆರಿಸಿಕೊಳ್ಳಿ, ಶನಿವಾರ ಶುರು ಮಾಡಿ. ಮೊದಲು ಹಸಿವಾಗಲಿ. ಏಳು ಗಂಟೆಗೆ ಒಂದು ಲೋಟ ಹಾಲು, ಜೊತೆಗೆ ಎರಡು ಬಿಸ್ಕತ್ತು ಹೊಟ್ಟೆಗೆ ಬಿದ್ದಿದ್ದರೆ ಎಂಟಕ್ಕೆ ಅನ್ನ ಸೇರುವುದಿಲ್ಲ. ಆರರ ನಂತರ ನೀರು ಮಾತ್ರ ಸಾಕು.

ಊಟಕ್ಕೆ ಕೂರುವಾಗ ಮನೆಯವರೆಲ್ಲರ ಫೋನೂ ಬೇರೆ ಕೋಣೆಯಲ್ಲಿರಲಿ. ಕಣ್ಣಿಗೆ ಬಿದ್ದರೆ ಮಗು ಕೇಳಿಯೇ ಕೇಳುತ್ತದೆ. ಜೊತೆಯಲ್ಲೇ ಕೂತು ನೀವೂ ಉಣ್ಣಿ. ಮಗುವಿನ ತಟ್ಟೆಗೆ ಅದೇ ಹಿಡಿದು ತಿನ್ನುವಂಥ ಇಡ್ಲಿ ಚೂರು, ಮೆತ್ತಗೆ ಬೇಯಿಸಿದ ಕ್ಯಾರೆಟ್, ದೋಸೆ ತುಂಡು ಹಾಕಿ. ಕೈಗೆ ಕೆಲಸ ಸಿಕ್ಕರೆ ಪರದೆಯ ನೆನಪು ಕಡಿಮೆ. ಚೆಲ್ಲುವುದು ಖಂಡಿತ, ಕೆಳಗೊಂದು ಹಳೇ ಪೇಪರ್ ಹಾಸಿಡಿ. ಅರ್ಧ ಗಂಟೆಗೆ ಊಟ ಮುಗಿಸಿ. ಉಳಿದದ್ದನ್ನು ಹಿಂದೆ ಬಿದ್ದು ತುರುಕಬೇಡಿ.

ಮೊದಲ ಕೆಲವು ದಿನ ಹಟ ಹೆಚ್ಚುತ್ತದೆ, ಊಟ ಕಡಿಮೆಯಾಗುತ್ತದೆ. ಮೂರನೇ ದಿನ ಸೋತು ಫೋನ್ ಕೊಟ್ಟರೆ, ಇನ್ನಷ್ಟು ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಆದ್ದರಿಂದ ಅಜ್ಜಿ ಅಥವಾ ನೋಡಿಕೊಳ್ಳುವವರ ಜೊತೆ ಮೊದಲೇ ಮಾತಾಡಿಕೊಳ್ಳಿ. "ಹಗಲು ನಿಮಗೆ ಆದ ಹಾಗೆ ಮಾಡಿ ಅಮ್ಮಾ, ರಾತ್ರಿಯೂಟಕ್ಕೆ ಮಾತ್ರ ಯಾರೂ ಕೊಡೋದು ಬೇಡ" ಎಂದರೆ ಅವರಿಗೂ ಹೊರೆಯಾಗದು. ರಾತ್ರಿಯೂಟ ಹದಕ್ಕೆ ಬಂದ ಮೇಲೆ ಮಧ್ಯಾಹ್ನದ್ದು, ಕೊನೆಗೆ ಬೆಳಗಿನದು.

ಎರಡು ದಾಟಿದ ಮಗುವಿಗೆ, ನೀವು ಅಡುಗೆ ಮಾಡುವಾಗ 20 ನಿಮಿಷ ಟಿವಿ ಹಾಕಿದರೆ ತಪ್ಪಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಆಫ್ ಮಾಡಿಡಿ. "ಐದು ನಿಮಿಷ" ಎಂದರೆ ಈ ವಯಸ್ಸಿಗೆ ತಿಳಿಯದು, "ಈ ಹಾಡು ಮುಗಿದ ಮೇಲೆ ಬಂದ್" ಎಂದರೆ ತಿಳಿಯುತ್ತದೆ.

ಒಂದು ಹೊತ್ತು ಕಡಿಮೆ ತಿಂದರೂ ಮಗು ಲವಲವಿಕೆಯಿಂದಿದ್ದು, ಮಾಮೂಲಿನಂತೆ ಮೂತ್ರ ಮಾಡುತ್ತಿದ್ದರೆ ಗಾಬರಿ ಬೇಡ. ತೂಕ ಇಳಿದರೆ, ಗಟ್ಟಿ ಆಹಾರ ನುಂಗಲು ಪದೇಪದೇ ಕಷ್ಟಪಟ್ಟರೆ, ಹೆಸರು ಕರೆದರೂ ತಿರುಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಮೊಬೈಲ್ ಬಿಡಿಸಿದ ಮಾತ್ರಕ್ಕೆ ಸರಿಹೋಗುವ ವಿಷಯವಲ್ಲ.