ಅರ್ಜಿಗಿಂತ ಮೊದಲು ಸೀನಿಯರ್‌ಗೊಂದು ಸಂದೇಶ

ಕಂಪನಿಯ ಪುಟದಲ್ಲಿ ಹೊಂದುವ ಕೆಲಸವೊಂದು ಕಂಡರೆ ತಕ್ಷಣ ಅರ್ಜಿ ಹಾಕುವುದು, ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಅಲ್ಲಿರುವ ಕಾಲೇಜಿನ ಸೀನಿಯರ್ ಒಬ್ಬರನ್ನು ಹುಡುಕಿ ‘ಸರ್, ರೆಫರ್ ಮಾಡಿ’ ಎನ್ನುವುದು ನಮ್ಮ ಹುಡುಗರ ರೂಢಿ. ಈ ಕ್ರಮ ಹಿಂದುಮುಂದಾಗಿದೆ. ದೊಡ್ಡ ಕಂಪನಿಗಳಲ್ಲಿ ಅರ್ಜಿ ಹೋಗಿ ಬೀಳುವುದು ನೇಮಕಾತಿಯ ತಂತ್ರಾಂಶಕ್ಕೆ. ಅರ್ಜಿ ನೇರವಾಗಿ ಬಂತೋ, ಏಜೆನ್ಸಿಯಿಂದ ಬಂತೋ, ನೌಕರರೊಬ್ಬರ ಮೂಲಕ ಬಂತೋ ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ನೇರ ಅರ್ಜಿ ಎಂದು ಒಮ್ಮೆ ದಾಖಲಾದರೆ, ಅದೇ ಕೆಲಸಕ್ಕೆ ಆಮೇಲೆ ರೆಫರಲ್ ಸೇರಿಸಲು ಅನೇಕ ಕಂಪನಿಗಳಲ್ಲಿ ಅವಕಾಶವಿಲ್ಲ. ನೀವು ಕೆಲಸಕ್ಕೆ ಸೇರಿ ಕೆಲವು ತಿಂಗಳು ಉಳಿದರೆ ಸೀನಿಯರ್‌ಗೆ ಸಿಗಬಹುದಾಗಿದ್ದ ಬೋನಸ್ಸೂ ಆಗ ಹೋಯಿತು.

ಸೀನಿಯರ್ ಮಾಡಬೇಕಾದ್ದು ಏನೆಂದು ತಿಳಿದರೆ ಏನು ಬರೆಯಬೇಕೆಂಬುದು ತಾನೇ ಗೊತ್ತಾಗುತ್ತದೆ. ಅವರು ಕಂಪನಿಯ ಒಳಗಿನ ಪೋರ್ಟಲ್ ತೆರೆದು ಕೆಲಸದ ಸಂಖ್ಯೆ, ನಿಮ್ಮ ಹೆಸರು, ಇ-ಮೇಲ್ ತುಂಬಿ ರೆಸ್ಯೂಮೆ ಸೇರಿಸಬೇಕು. ‘ಈ ವ್ಯಕ್ತಿ ನಿಮಗೆ ಹೇಗೆ ಪರಿಚಯ, ಈ ಕೆಲಸಕ್ಕೆ ಏಕೆ ತಕ್ಕವರು’ ಎಂದು ಕೇಳುವ ಫಾರಂಗಳೂ ಉಂಟು. ಮೊದಲಿನವು ಐದು ನಿಮಿಷದ ಕೆಲಸ. ಕೊನೆಯ ಪ್ರಶ್ನೆಯ ಮುಂದೆ ಕೈ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಬರೆದದ್ದು ಅವರ ಹೆಸರಿನಲ್ಲಿ ಉಳಿಯುತ್ತದೆ. ಆ ಉತ್ತರಕ್ಕೆ ಬೇಕಾದ ಎರಡು ವಾಕ್ಯವನ್ನು ಒದಗಿಸುವುದೇ ನಿಮ್ಮ ಸಂದೇಶದ ಕೆಲಸ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯ ಕಾಲೇಜೊಂದರಲ್ಲಿ 2022ರಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿದ ಹುಡುಗಿ, ಬೆಂಗಳೂರಿನ ಸಣ್ಣ ಕಂಪನಿಯಲ್ಲಿ ಎರಡು ವರ್ಷ ಟೆಸ್ಟಿಂಗ್ ಮಾಡಿದ್ದಾಳೆ. ಕಣ್ಣಿಟ್ಟಿರುವುದು ಆಟೊಮೇಷನ್ ಟೆಸ್ಟಿಂಗ್ ಹುದ್ದೆಯ ಮೇಲೆ. ಲಿಂಕ್ಡ್‌ಇನ್‌ನಲ್ಲಿ ತನ್ನ ಕಾಲೇಜಿನ ಪುಟ ತೆರೆದು, ಅಲ್ಯುಮ್ನಿ ವಿಭಾಗದಲ್ಲಿ ಆ ಕಂಪನಿಯ ಹೆಸರು ಹಾಕಿದಾಗ ನಾಲ್ವರು ಕಾಣುತ್ತಾರೆ. ಅತಿ ಎತ್ತರದ ಹುದ್ದೆಯಲ್ಲಿರುವವರನ್ನು ಬಿಟ್ಟು, ಟೆಸ್ಟಿಂಗ್ ವಿಭಾಗದಲ್ಲೇ ಇರುವ 2014ರ ಬ್ಯಾಚಿನವರನ್ನು ಆರಿಸಿಕೊಳ್ಳುತ್ತಾಳೆ. ಜಾಣತನದ ಆಯ್ಕೆ, ಅವಳ ರೆಸ್ಯೂಮೆ ಓದಿ ತೂಗಬಲ್ಲವರು ಅವರೇ. ಸಂಪರ್ಕದ ಕೋರಿಕೆಯ ಜೊತೆ ಬರೆಯಲು ಸಿಗುವ ಜಾಗ ತೀರಾ ಕಿರಿದು. ಅಲ್ಲಿ ಕಾಲೇಜು, ಬ್ಯಾಚು ಮತ್ತು ‘ಒಂದು ಹುದ್ದೆಯ ಬಗ್ಗೆ ಕೇಳಬೇಕಿತ್ತು’ ಎಂಬಷ್ಟು ಸಾಕು. ಒಪ್ಪಿಕೊಂಡ ಮೇಲೆ ಅವಳು ಬರೆಯುವುದು ಹೀಗಿರಬಹುದು:

‘ನಮಸ್ಕಾರ ಸರ್. ನಿಮ್ಮ ಕಂಪನಿಯ ಆಟೊಮೇಷನ್ ಟೆಸ್ಟ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ, ಇನ್ನೂ ಹಾಕಿಲ್ಲ. ಹುದ್ದೆಯ ಸಂಖ್ಯೆ, ಲಿಂಕ್ ಕೆಳಗಿದೆ. ಎರಡು ವರ್ಷದಿಂದ ಬಿಲ್ಲಿಂಗ್ ತಂತ್ರಾಂಶವೊಂದನ್ನು ಟೆಸ್ಟ್ ಮಾಡುತ್ತಿದ್ದೇನೆ. ಕಳೆದ ವರ್ಷ ಅದರ ರಿಗ್ರೆಷನ್ ಟೆಸ್ಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಜಾವಾ, ಸೆಲೆನಿಯಂನಲ್ಲಿ ಬರೆದೆ. ಎರಡು ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ದಿನದೊಳಗೆ ಮುಗಿಯುತ್ತದೆ. ಎಪಿಐ ಟೆಸ್ಟಿಂಗ್ ಅನುಭವ ಕಡಿಮೆ. ರೆಸ್ಯೂಮೆ ಲಗತ್ತಿಸಿದ್ದೇನೆ. ನೋಡಿ ಸರಿಯೆನಿಸಿದರೆ ರೆಫರ್ ಮಾಡಲು ಸಾಧ್ಯವೇ? ಆಗದಿದ್ದರೂ ಬೇಜಾರಿಲ್ಲ ಸರ್.’

ಸೆಮಿಸ್ಟರ್ ಅಂಕ, ಹವ್ಯಾಸ, ಮನೆಯ ಕಷ್ಟ ಯಾವುದೂ ಇದರಲ್ಲಿಲ್ಲ. ಹುದ್ದೆಯ ವಿವರಣೆಯಲ್ಲಿ ಕೇಳಿದ್ದಕ್ಕೆ ನೇರವಾಗಿ ತಾಗುವ ಒಂದೇ ಕೆಲಸ, ಅದರಿಂದಾದ ಫಲ. ಕೊರತೆಯನ್ನು ಹೇಳಿದ್ದು ಕೆಲವರಿಗೆ ಹುಚ್ಚುತನ ಎನಿಸೀತು. ನನ್ನ ಮಟ್ಟಿಗೆ ಅದೇ ನಂಬಿಕೆ ಹುಟ್ಟಿಸುವ ಸಾಲು, ಸಂದರ್ಶನದಲ್ಲಿ ಅದು ಹೇಗೂ ಹೊರಬೀಳುವಂಥದ್ದೇ. ಇನ್ನು ಬರೀ ‘ಹಾಯ್ ಸರ್’ ಎಂದು ಕಳಿಸಿ ಉತ್ತರಕ್ಕೆ ಕಾಯುವವರಿದ್ದಾರೆ. ‘ಯಾವ ಕೆಲಸವಾದರೂ ಸರಿ’ ಎನ್ನುವವರೂ ಇದ್ದಾರೆ. ಹುದ್ದೆ ಹುಡುಕಿಕೊಡುವ ಹೊರೆಯನ್ನೂ ಹೊರಲು ಯಾವ ಸೀನಿಯರ್‌ಗೂ ಪುರುಸೊತ್ತಿಲ್ಲ.

ಗುರುತಿಲ್ಲದ ಸೀನಿಯರ್ ಏಕೆ ಸಹಾಯ ಮಾಡಿಯಾರು ಎಂಬ ಸಂಕೋಚ ಸಹಜ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಪ್ರಬಂಧವೊಂದರಲ್ಲಿ, ಬಾಸ್ಟನ್ ಬಳಿಯ ಊರೊಂದರಲ್ಲಿ ಪರಿಚಯದ ಮೂಲಕ ಹೊಸ ಕೆಲಸ ಹಿಡಿದವರ ಲೆಕ್ಕ ಕೊಟ್ಟಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ ಹದಿನೇಳರಷ್ಟು ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವರಿಂದಲೇ ಸುದ್ದಿ ಬಂದಿತ್ತು. ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದಲ್ಲ!

ಒಂದೇ ಕಂಪನಿಯ ನಾಲ್ವರಿಗೂ ಒಟ್ಟಿಗೆ ಕೇಳುವುದು ಬೇಡ. ಇಬ್ಬರು ರೆಫರ್ ಮಾಡಿದರೆ ಸಾಮಾನ್ಯವಾಗಿ ಮೊದಲನೆಯದಷ್ಟೇ ಲೆಕ್ಕಕ್ಕೆ, ಎರಡನೆಯವರಿಗೆ ಮುಜುಗರ. ವಾರ ಕಳೆದರೂ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ, ಮತ್ತೆರಡು ದಿನ ನೋಡಿ, ಮುಂದಿನವರನ್ನು ಕೇಳಬಹುದು. ಹುದ್ದೆಯ ಕೊನೆಯ ದಿನಾಂಕ ಹತ್ತಿರವಿದ್ದರೆ ಕಾಯದೆ ನೇರವಾಗಿ ಅರ್ಜಿ ಹಾಕುವುದೇ ಮೇಲು. ರೆಫರಲ್ ಇದ್ದರೆ ರೆಸ್ಯೂಮೆ ಒಬ್ಬ ಮನುಷ್ಯನ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಸಂದರ್ಶನದಲ್ಲಿ ಅದು ಕೈಹಿಡಿಯದು. ದುಡ್ಡು ಕೊಟ್ಟರೆ ರೆಫರ್ ಮಾಡುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬಾರದು.

ಸೀನಿಯರ್ ಒಪ್ಪಿ ಫಾರಂ ತುಂಬಿದರೆ ಸಾಮಾನ್ಯವಾಗಿ ಕಂಪನಿಯಿಂದ ನಿಮ್ಮ ಇ-ಮೇಲ್‌ಗೆ ಒಂದು ಲಿಂಕ್ ಬರುತ್ತದೆ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ. ಅರ್ಜಿಯನ್ನು ಆ ಲಿಂಕಿನಿಂದಲೇ, ಅವರಿಗೆ ಕೊಟ್ಟ ಇ-ಮೇಲ್ ವಿಳಾಸದಿಂದಲೇ ಹಾಕಬೇಕು. ಬೇರೆ ವಿಳಾಸ ಬಳಸಿದರೆ ತಂತ್ರಾಂಶಕ್ಕೆ ನೀವು ಬೇರೆಯೇ ವ್ಯಕ್ತಿ.