ಸ್ಟೀರಾಯ್ಡ್ ಶುರುಮಾಡುವ ಮೊದಲು ಹುಳುವಿನ ವಿಚಾರಣೆ

ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕು ಥಾಯ್ಲೆಂಡ್–ಬರ್ಮಾ ರೈಲುಮಾರ್ಗದಲ್ಲಿ ದುಡಿದ ಬ್ರಿಟಿಷ್ ಸೈನಿಕರಲ್ಲಿ ಬದುಕುಳಿದವರು 1945ರಲ್ಲಿ ತವರಿಗೆ ಮರಳಿದರು. ಅವರಲ್ಲಿ ಹಲವರ ಕರುಳಿನಲ್ಲಿ ನಾಲ್ಕೈದು ದಶಕಗಳ ನಂತರವೂ ಆ ಕಾಡಿನ ಹುಳು ಜೀವಂತವಾಗಿತ್ತು. ಬರಿಗಾಲಲ್ಲಿ ತುಳಿದ ಕೆಸರಿನಿಂದ ಮೈಸೇರಿದ್ದು, ಮಣ್ಣಿನ ಸಂಪರ್ಕವೇ ತಪ್ಪಿದ ಮೇಲೂ ಬಿಟ್ಟುಹೋಗಿರಲಿಲ್ಲ.

ಆ ಹುಳುವೇ ಸ್ಟ್ರಾಂಜಿಲಾಯ್ಡಿಸ್. ಉದ್ದ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು. ಕೊಕ್ಕೆಹುಳುವಿನಂತೆ ಇದೂ ಪಾದದ ಚರ್ಮ ಕೊರೆದು ಒಳಗೆ ಹೊಕ್ಕು, ಶ್ವಾಸಕೋಶದ ಮೂಲಕ ಸಣ್ಣಕರುಳಿಗೆ ಬಂದು ನೆಲೆಸುತ್ತದೆ. ಆದರೆ ಕೊಕ್ಕೆಹುಳುವಿನ ಮೊಟ್ಟೆ ಮಲದ ಜೊತೆ ಹೊರಗೆ ಹೋಗುತ್ತದೆ, ಮಣ್ಣಿನಲ್ಲೇ ಒಡೆಯುತ್ತದೆ. ಹಾಗಾಗಿ ಹೊಸದಾಗಿ ಸೋಂಕು ತಗಲದಿದ್ದರೆ ಕೆಲವು ವರ್ಷಗಳಲ್ಲಿ ಅದರ ಸಂತತಿ ಮುಗಿಯುತ್ತದೆ. ಸ್ಟ್ರಾಂಜಿಲಾಯ್ಡಿಸ್ ಮೊಟ್ಟೆ ಕರುಳಿನಲ್ಲೇ ಒಡೆಯುತ್ತದೆ. ಮರಿಗಳಲ್ಲಿ ಕೆಲವು ಹೊರಹೋಗುವ ಮುನ್ನವೇ ಬಲಿತು, ಕರುಳಿನ ಗೋಡೆಯನ್ನೋ ಗುದದ ಸುತ್ತಲಿನ ಚರ್ಮವನ್ನೋ ಕೊರೆದು ಅದೇ ದೇಹಕ್ಕೆ ಮತ್ತೆ ನುಗ್ಗುತ್ತವೆ. ಗಂಡುಹುಳುವಿನ ಹಂಗೂ ಹೆಣ್ಣಿಗಿಲ್ಲ. ದೇಹದ ರೋಗನಿರೋಧಕ ಶಕ್ತಿ ಈ ಸಂಖ್ಯೆಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ, ಅಷ್ಟೆ; ಪೂರ್ತಿ ಒರೆಸಿಹಾಕುವುದಿಲ್ಲ. ಮನುಷ್ಯನಿಗೆ ಆಗಾಗ ಹೊಟ್ಟೆಯುರಿ, ತುರಿಕೆ. ಎಷ್ಟೋ ಸಲ ಅದೂ ಇಲ್ಲ.

ಈ ಹದ್ದುಬಸ್ತನ್ನು ಸಡಿಲಿಸುವುದು ಸ್ಟೀರಾಯ್ಡ್. ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗುವ ಪ್ರಕರಣಗಳನ್ನು ಒಟ್ಟುಗೂಡಿಸಿದರೆ ಚಿತ್ರ ಹೀಗಿರುತ್ತದೆ. ಐವತ್ತೆಂಟರ ಒಬ್ಬ ಗದ್ದೆ ಕೆಲಸಗಾರ. ಮೂತ್ರದಲ್ಲಿ ಪ್ರೋಟೀನ್ ಸೋರಿ ಮುಖ, ಕಾಲು ಊದಿದ್ದಕ್ಕೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಶುರುವಾಗುತ್ತದೆ. ಊತ ಇಳಿಯುತ್ತದೆ. ಕೆಲವು ವಾರಗಳಾದ ಮೇಲೆ ಹೊಟ್ಟೆನೋವು, ವಾಂತಿ. ಮಾತ್ರೆಯಿಂದ ಗ್ಯಾಸ್ಟ್ರಿಕ್ ಆಗಿರಬೇಕು ಎಂದು ಅದಕ್ಕೊಂದು ಗುಳಿಗೆ. ಆಮೇಲೆ ಕೆಮ್ಮು, ಉಬ್ಬಸ. ಉಬ್ಬಸಕ್ಕೆ ಇನ್ನಷ್ಟು ಸ್ಟೀರಾಯ್ಡ್! ಇಡೀ ಕಥೆಯ ದುರಂತ ಇಲ್ಲೇ ಇದೆ: ಶ್ವಾಸಕೋಶದಲ್ಲಿ ಓಡಾಡುತ್ತಿರುವ ಸಾವಿರಾರು ಮರಿಹುಳುಗಳೇ ಉಬ್ಬಸಕ್ಕೆ ಕಾರಣ, ಕೊಟ್ಟ ಮದ್ದು ಅವುಗಳಿಗೇ ಅನುಕೂಲ.

ಮರಿಗಳು ಕರುಳಿನ ಗೋಡೆ ದಾಟುವಾಗ ಅಲ್ಲಿನ ಬ್ಯಾಕ್ಟೀರಿಯಾಗಳನ್ನೂ ಮೈಮೇಲೆ ಹೊತ್ತು ರಕ್ತಕ್ಕೆ ಒಯ್ಯುತ್ತವೆ. ಆಗ ಚಳಿಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರಕ್ತದಲ್ಲಿ ಇ. ಕೋಲಿ ಬೆಳೆಯುತ್ತದೆ, ಕೆಲವೊಮ್ಮೆ ಮಿದುಳಿನ ಪೊರೆಯ ನೀರಿನಲ್ಲೂ. ತಲೆಗೆ ಪೆಟ್ಟಿಲ್ಲದ, ಶಸ್ತ್ರಚಿಕಿತ್ಸೆಯಾಗದ ವಯಸ್ಕರಲ್ಲಿ ಇಂಥ ಮೆದುಳುಜ್ವರ ಕಂಡರೆ ಅನುಭವಿ ವೈದ್ಯರು ಹುಳುವನ್ನು ನೆನೆಯುತ್ತಾರೆ. ಹೊಕ್ಕುಳ ಸುತ್ತ ಹೆಬ್ಬೆರಳೊತ್ತಿದಂತೆ ಮೂಡುವ ಕೆನ್ನೇರಳೆ ಕಲೆಗಳು ಇನ್ನೊಂದು ಸುಳಿವು. ಕೊನೆಗೆ ಯಾರೋ ಕಫವನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಿಹುಳು ಕಣ್ಣೆದುರೇ ನುಲಿಯುತ್ತಿರುತ್ತದೆ. ಅಷ್ಟರಲ್ಲಿ ತಡವಾಗಿದ್ದರೆ ಚಿಕಿತ್ಸೆ ಕೊಟ್ಟರೂ ಬಹಳಷ್ಟು ಜನ ಉಳಿಯುವುದಿಲ್ಲ.

ಹಾಗಾದರೆ ಮೊದಲೇ ಹುಡುಕಬಹುದಲ್ಲ? ಹುಡುಕಬಹುದು, ಆದರೆ ಒಂದೇ ಸಲದ ಮಲಪರೀಕ್ಷೆ ನೆಚ್ಚಿಕೊಳ್ಳುವಂಥದ್ದಲ್ಲ. ದೀರ್ಘಕಾಲದ ಸೋಂಕಿನಲ್ಲಿ ಹೊರಬರುವ ಮರಿಗಳೇ ಕಡಿಮೆ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಳ್ಳುತ್ತವೆ. ಬೇರೆ ಬೇರೆ ದಿನದ ಮೂರ್ನಾಲ್ಕು ಮಾದರಿ ನೋಡಿದರೆ, ಅಗರ್ ತಟ್ಟೆಯಲ್ಲಿ ಮಲವಿಟ್ಟು ಮರಿಗಳು ಹರಿದಾಡಿದ ಜಾಡು ಹುಡುಕಿದರೆ ಸಿಗುವ ಸಂಭವ ಹೆಚ್ಚು. ರಕ್ತದ ಆಂಟಿಬಾಡಿ ಪರೀಕ್ಷೆ ಇನ್ನೂ ಸೂಕ್ಷ್ಮ, ಆದರೆ ಎಲ್ಲ ಕಡೆ ಲಭ್ಯವಿಲ್ಲ. ಇಯೋಸಿನೋಫಿಲ್ ಏರಿದ್ದರೆ ಸಂಶಯಪಡಬೇಕು, ಏರದಿದ್ದರೆ ನಿಶ್ಚಿಂತರಾಗುವಂತಿಲ್ಲ. ಸ್ಟೀರಾಯ್ಡ್ ಆ ಕಣಗಳನ್ನೇ ಇಳಿಸಿಬಿಡುವುದರಿಂದ ರೋಗ ಉಲ್ಬಣಿಸಿದಾಗ ವರದಿ ಸಹಜವಾಗಿಯೇ ಕಾಣಬಹುದು.

ಪರೀಕ್ಷೆಗೆ ಹೋಲಿಸಿದರೆ ಮದ್ದು ಸುಲಭ. ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಐವರ್ಮೆಕ್ಟಿನ್, ಅಂದರೆ 60 ಕಿಲೋ ತೂಗುವವರಿಗೆ 12 ಮಿಲಿಗ್ರಾಂ, ಒಂದೆರಡು ದಿನ. ಶಾಲೆಗಳಲ್ಲಿ ಹಂಚುವ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್; ಅದರ ಒಂದು ಡೋಸಿಗೆ ಈ ಹುಳು ಸುಲಭಕ್ಕೆ ಬಗ್ಗುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಟ್ಟ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಸುಮಾರು 40 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ಸೋಂಕು ಹೆಚ್ಚಿರುವ ಪ್ರದೇಶದ ರೋಗಿಗಳಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಐವರ್ಮೆಕ್ಟಿನ್ ಕೊಡುವ ಸಲಹೆ ಆಗ 2020ರಲ್ಲಿ ಬಂತು. ಕೋವಿಡ್ ವೈರಸ್ಸನ್ನು ಕೊಲ್ಲಲು ಅಲ್ಲ, ಈ ಹುಳುವನ್ನು ಕೊಲ್ಲಲು. ಆ ಎರಡು ವಿಷಯಗಳು ನಮ್ಮಲ್ಲಿ ಕಲಸಿಹೋಗಿದ್ದು ಬೇರೆ ಮಾತು.

ಮೂತ್ರಪಿಂಡದ ಕಸಿ, ಲೂಪಸ್, ಕ್ಯಾನ್ಸರ್, ಸಂಧಿವಾತ ಯಾವುದಕ್ಕೇ ಆಗಲಿ ವಾರಗಟ್ಟಲೆ ಸ್ಟೀರಾಯ್ಡ್ ಬೇಕೆಂದಾಗ, ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿದಿದ್ದರೆ, ಅದು ಮೂವತ್ತು ವರ್ಷದ ಹಿಂದಿನದಾದರೂ, ವೈದ್ಯರಿಗೆ ಹೇಳಿ. ಈ ಹುಳುವಿನ ಪರೀಕ್ಷೆ ಬೇಕೇ ಎಂದು ಕೇಳಿ. ಈಗಾಗಲೇ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡನ್ನು ಮಾತ್ರ ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಅದೇ ಪ್ರಾಣಕ್ಕೆ ಎರವಾಗಬಹುದು.